ಇಫ್ ತುಂಬುವ ಮೊದಲು ಕನ್ನಡ ವಾಕ್ಯದ ಕೊನೆ ನೋಡಿ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಇಫ್ ವಾಕ್ಯಗಳನ್ನು ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಎಂದು ನಾಲ್ಕು ಸಾಲಿನ ಪಟ್ಟಿಯಲ್ಲಿ ಕೊಡುತ್ತವೆ. ಕನ್ನಡ ಮಾತಾಡುವ ಹುಡುಗರು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಆದರೂ ಬಿಟ್ಟ ಸ್ಥಳ ತುಂಬಿ ಎಂದಾಗ ತಡವರಿಸುತ್ತಾರೆ, ಏಕೆಂದರೆ ಎದುರಿಗಿರುವ ವಾಕ್ಯ ಯಾವ ಸಾಲಿಗೆ ಸೇರಿದ್ದು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದನ್ನು ಅರ್ಧದಷ್ಟು ಹೇಳಬಲ್ಲ ಸಾಧನ ಅವರ ಬಾಯಲ್ಲೇ ಇದೆ: ಕನ್ನಡ ವಾಕ್ಯದ ಕೊನೆಯ ಕ್ರಿಯಾಪದ. ಅದರಿಂದ ಪಾಠ ಶುರುವಾಗಬೇಕು ಎಂಬುದು ನನ್ನ ವಾದ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಬಲ್ಲ ಯಾರಾದರೂ ಹೇಳುವ ಮಾತು: ಕೊಬ್ಬರಿ ನೆಂದರೆ ಬೂಸ್ಟು ಹಿಡಿಯುತ್ತದೆ. ಅದೇ ಊರಿನ ರೈಲು ನಿಲ್ದಾಣದಲ್ಲಿ ಕೇಳಬಹುದಾದ ಮಾತು: ರೈಲು ತಡವಾದರೆ ಬೇಲೂರಿನ ಬಸ್ಸು ತಪ್ಪುತ್ತದೆ. ಮೊದಲನೆಯದು ಎಂದಿಗೂ ನಿಜವಾಗುವ ಮಾತು, ಝೀರೋ. ಎರಡನೆಯದು ಈ ಸಲದ್ದು, ಫಸ್ಟ್. ಕನ್ನಡ ಇವೆರಡಕ್ಕೂ ‘-ತ್ತದೆ’ಯನ್ನೇ ಬಳಸುತ್ತದೆ. ಇಂಗ್ಲಿಷ್ ಫಲದ ಭಾಗದಲ್ಲಿ ಮಾತ್ರ ಬೇರೆಯಾಗುತ್ತದೆ: ಇಫ್ ಕೊಪ್ರಾ ಗೆಟ್ಸ್ ವೆಟ್, ಇಟ್ ಗ್ರೋಸ್ ಮೋಲ್ಡ್, ಇಫ್ ದಿ ಟ್ರೇನ್ ಈಸ್ ಲೇಟ್, ವಿ ವಿಲ್ ಮಿಸ್ ದಿ ಬಸ್. ಇಫ್ ಭಾಗದಲ್ಲಿ ಎರಡೂ ಕಡೆ ಇರುವುದು ಬರೀ ವರ್ತಮಾನ. ಹಾಗಾಗಿ ಇಫ್ ಪಕ್ಕದ ಜಾಗ ತುಂಬುವಾಗ ಝೀರೋ, ಫಸ್ಟ್ ಎಂಬ ಭೇದದ ಚಿಂತೆಯೇ ಬೇಡ. ‘ಇಫ್ ದಿ ಟ್ರೇನ್ ವಿಲ್ ಬಿ ಲೇಟ್’ ಎಂಬ ತಪ್ಪು ಕನ್ನಡದಿಂದ ಬಂದದ್ದೂ ಅಲ್ಲ. ‘ನಾಳೆ ತಡವಾದರೆ’ ಎನ್ನುವಾಗ ನಾವು ಭವಿಷ್ಯದ ರೂಪ ಹಾಕುವುದಿಲ್ಲ. ನಾಳೆ ಎಂದರೆ ವಿಲ್ ಎಂದು ಕಲಿತ ಅರೆಬರೆ ನಿಯಮವೇ ಅದರ ಮೂಲ.

ನಿಜವಾದ ತೊಡಕು ‘-ತ್ತಿತ್ತು’ ಬಂದಾಗ. ಎರಡು ಗುಡಿಗಳ ಉದಾಹರಣೆ ನೋಡಿ. ಬೇಲೂರಿನ ಚೆನ್ನಕೇಶವ ದೇಗುಲವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಅದರ ಶಿಖರವನ್ನು 19ನೇ ಶತಮಾನದಲ್ಲಿ ಇಳಿಸಲಾಯಿತು. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಇವತ್ತು ಶಿಖರವಿಲ್ಲ. ‘ಹಳೇಬೀಡಿನ ಗುಡಿಗೆ ಶಿಖರ ಇದ್ದರೆ ಇನ್ನೂ ಎತ್ತರ ಕಾಣುತ್ತಿತ್ತು’ ಎಂದಾಗ, ಇಲ್ಲದ್ದನ್ನು ಈಗ ಊಹಿಸುತ್ತಿದ್ದೇವೆ. ಇದು ಸೆಕೆಂಡ್: ಇಫ್ ದಿ ಟೆಂಪಲ್ ಹ್ಯಾಡ್ ಎ ಟವರ್, ಇಟ್ ವುಡ್ ಲುಕ್ ಟಾಲರ್. ‘ಬೇಲೂರಿನ ಶಿಖರ ಇಳಿಸದೆ ಇದ್ದಿದ್ದರೆ ಆಗಲೇ ಗೋಡೆ ಬಿರುಕು ಬಿಡುತ್ತಿತ್ತು’ ಎಂದರೆ ಊಹೆ ಮುಗಿದುಹೋದ ಕಾಲದ್ದು. ಇದು ಥರ್ಡ್: ಇಫ್ ದೆ ಹ್ಯಾಡ್ ನಾಟ್ ಟೇಕನ್ ಡೌನ್ ದಿ ಟವರ್, ದಿ ವಾಲ್ಸ್ ವುಡ್ ಹ್ಯಾವ್ ಕ್ರ್ಯಾಕ್ಡ್. ಕನ್ನಡದಲ್ಲಿ ಫಲದ ಕ್ರಿಯಾಪದ ಎರಡಕ್ಕೂ ಒಂದೇ. ‘ಇದ್ದಿದ್ದರೆ’ ಎಂಬ ಸುಳಿವು ಇದ್ದರೂ ಮಾತಿನಲ್ಲಿ ಅದನ್ನು ‘ಇದ್ದರೆ’ ಎಂದು ಮೊಟಕು ಮಾಡುತ್ತೇವೆ. ಹುಡುಗರು ‘ಇಫ್ ದೆ ಡಿಡ್ ನಾಟ್ ಟೇಕ್ ಡೌನ್’ ಎಂದು ಬರೆಯುವುದು ಇಲ್ಲಿಂದ.

ಆದ್ದರಿಂದ ಎರಡು ಪ್ರಶ್ನೆ ಸಾಕು. ಕನ್ನಡದಲ್ಲಿ ಫಲ ‘-ತ್ತದೆ’ಯೋ ‘-ತ್ತಿತ್ತು’ವೋ? ‘-ತ್ತದೆ’ಯಾದರೆ ಇಫ್ ಭಾಗಕ್ಕೆ ವರ್ತಮಾನ. ‘-ತ್ತಿತ್ತು’ವಾದರೆ ಮುಂದಿನ ಪ್ರಶ್ನೆ: ಷರತ್ತು ಈಗಿನದೋ ಆಗಿನದೋ? ಈಗಿನದಾದರೆ ಭೂತಕಾಲ, ಆಗಿನದಾದರೆ ‘ಹ್ಯಾಡ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ.

ಇಂಗ್ಲಿಷ್ ತರಗತಿಗೆ ಕನ್ನಡ ತಂದರೆ ಮಕ್ಕಳು ಅನುವಾದಕ್ಕೇ ಅಂಟಿಕೊಳ್ಳುತ್ತಾರೆ ಎಂಬ ಆಕ್ಷೇಪವಿದೆ. ಆರಂಭದಲ್ಲಿ ಅವರು ಹೇಗೂ ಮನಸ್ಸಿನೊಳಗೆ ಅನುವಾದ ಮಾಡಿಕೊಳ್ಳುತ್ತಾರೆ. ಮೇಷ್ಟ್ರು ಸುಮ್ಮನಿದ್ದರೆ ಕನ್ನಡ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಪರೀಕ್ಷೆಗೆ ನಾಲ್ಕು ಸೂತ್ರವೇ ಭದ್ರ ಎಂಬುದು ಇನ್ನೊಂದು ಮಾತು. ಸೂತ್ರ ಸುಲಭದ ವಾಕ್ಯಕ್ಕೆ ಸಾಕು. ‘ಶಿಖರ ಇಳಿಸದೆ ಇದ್ದಿದ್ದರೆ ಬೇಲೂರಿನ ಗುಡಿ ಇವತ್ತು ಇನ್ನೂ ಎತ್ತರ ಕಾಣುತ್ತಿತ್ತು’ ಎಂಬುದನ್ನು ಯಾವ ಸಾಲಿಗೆ ಹಾಕುತ್ತೀರಿ? ಷರತ್ತು ಆಗಿನದು, ಫಲ ಈಗಿನದು: ಇಫ್ ದೆ ಹ್ಯಾಡ್ ನಾಟ್ ಟೇಕನ್ ಡೌನ್ ದಿ ಟವರ್, ದಿ ಟೆಂಪಲ್ ವುಡ್ ಲುಕ್ ಟಾಲರ್ ಟುಡೇ. ನಾಲ್ಕು ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ. ಈಗಿನದೋ ಆಗಿನದೋ ಎಂದು ಎರಡು ಭಾಗಗಳಿಗೂ ಬೇರೆ ಬೇರೆ ಕೇಳಿಕೊಂಡವರಿಗೆ ಇದು ಕಷ್ಟವೇ ಅಲ್ಲ.

ಈ ವಿಧಾನಕ್ಕೂ ಮಿತಿಯಿದೆ. ಕನ್ನಡ ವಾಕ್ಯ ‘ಈಗ’, ‘ಆಗ’ ಎಂಬುದನ್ನು ಬಿಟ್ಟುಕೊಡದಿದ್ದರೆ ಸಂದರ್ಭ ನೋಡಿಯೇ ತೀರ್ಮಾನಿಸಬೇಕು. ಹಾಗಾಗಿ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ನಾಲ್ಕು ಸಾಲಿನ ಪಟ್ಟಿಯನ್ನು ಪಾಠದ ಕೊನೆಗೆ ಇಡಿ, ಮೊದಲ ದಿನ ಬೋರ್ಡಿನ ಮೇಲೆ ‘-ತ್ತದೆ’, ‘-ತ್ತಿತ್ತು’ ಎರಡನ್ನೇ ಬರೆಯಿರಿ.