‘ನೋಡುವ’ ಬೇಡ, ‘ಆಗುವುದಿಲ್ಲ’ ಅನ್ನೋಣ

ಗೆಳೆಯ ಸಾಲ ಕೇಳಿದಾಗ ನಮ್ಮ ಕಾಸರಗೋಡಿನ ಕಡೆ ಮೊದಲು ಬಾಯಿಗೆ ಬರುವ ಮಾತು ‘ನೋಡುವ’. ಕೊಡುವ ಯೋಚನೆ ಇಲ್ಲದಿದ್ದರೂ ಹಾಗೇ ಹೇಳುತ್ತೇವೆ. ‘ಇಲ್ಲ’ ಅನ್ನುವುದಕ್ಕಿಂತ ಈ ‘ನೋಡುವ’ ಎಂಬುದೇ ಗೆಳೆತನವನ್ನು ಹೆಚ್ಚು ಕೆಡಿಸುತ್ತದೆ ಎಂದು ನಮ್ಮ ಅನಿಸಿಕೆ.

ತಂಗಿಯ ಕಾಲೇಜು ಫೀಸಿಗೆ ಗೆಳೆಯ 20,000 ರೂಪಾಯಿ ಕೇಳಿದ ಎಂದುಕೊಳ್ಳಿ. ಇಂದು 1ನೇ ತಾರೀಕು, ಫೀಸು ಕಟ್ಟಲು ಕೊನೆಯ ದಿನ 10. ‘ನೋಡುವ’ ಎಂದರೆ ಅವನು ನಮ್ಮನ್ನೇ ನಂಬಿ ಕಾಯುತ್ತಾನೆ. 9ಕ್ಕೆ ನಾವು ಫೋನ್ ಎತ್ತದಿದ್ದರೆ ಬೇರೆ ದಾರಿ ಹುಡುಕಲು ಅವನಿಗೆ ಸಮಯವೇ ಇರುವುದಿಲ್ಲ. ಇಂದೇ ಆಗುವುದಿಲ್ಲ ಎಂದರೆ ಕಾಲೇಜಿನಲ್ಲಿ ಕಂತು ಕೇಳಬಹುದು, ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಡಬಹುದು.

ಇದನ್ನು ವಾಟ್ಸಾಪ್‌ನಲ್ಲಿ ಬರೆಯದೆ ಫೋನ್ ಮಾಡಿ ಹೇಳೋಣ. ‘ಸಾಲ ಕೊಡಲು ನನ್ನಿಂದ ಆಗುವುದಿಲ್ಲ ಮಾರಾಯ, ನನಗಾಗಿ ಕಾಯಬೇಡ’ ಎಂದರೆ ಸಾಕು. ಸುಳ್ಳು ಕಾರಣ ಬೇಡ. ‘ಸಂಬಳ ಆಗಿಲ್ಲ’ ಎಂದರೆ ಸಂಬಳ ಆದ ದಿನ ಮತ್ತೆ ಕೇಳುತ್ತಾನೆ, ಆಗ ಇನ್ನೊಂದು ಸುಳ್ಳು ಬೇಕಾಗುತ್ತದೆ. ಕೈಲಾದರೆ 1,000 ರೂಪಾಯಿಯನ್ನು ವಾಪಸ್ ಬೇಡವೆಂದೇ ಕೊಡೋಣ.

ಸಾಲ ಸಿಗದವನು ನಾಚಿಕೆಯಿಂದ ತಾನಾಗಿಯೇ ದೂರ ಸರಿಯುತ್ತಾನೆ. ಹಾಗಾಗಿ ಮುಂದಿನ ಫೋನ್ ನಮ್ಮದೇ ಆಗಲಿ. ಫೀಸಿನ ವಿಷಯ ಏನಾಯಿತೆಂದು ಕೇಳೋಣ, ಭಾನುವಾರ ಎಂದಿನಂತೆ ಒಟ್ಟಿಗೆ ಚಾ ಕುಡಿಯೋಣ. ಅವನು ಸಾಲ ಕೇಳಿದ ಸುದ್ದಿ ಮಾತ್ರ ನಮ್ಮಲ್ಲೇ ಉಳಿಯಲಿ.