ಮದುವೆಯಾದ ಮೇಲೆ ಹೆಸರಿನ ತಕರಾರು

ಯಲಹಂಕದ ಪಕ್ಕದ ಕೋಗಿಲಿನಿಂದ ದಿನವೂ ಬೆಳಗ್ಗೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಬಾಯಲ್ಲಿ ಈಗೀಗ ಒಂದೇ ದೂರು ಕೇಳುತ್ತಿದ್ದೇವೆ. ಕೆಲಸ ಸಿಕ್ಕಿತು, ಆದರೆ ಕಾಗದಗಳ ಹೆಸರು ಒಂದಕ್ಕೊಂದು ತಾಳೆಯಾಗಲಿಲ್ಲವೆಂದು ಫ್ಯಾಕ್ಟರಿಯವರು ವಾಪಸು ಕಳಿಸಿದರು ಎಂಬುದೇ ಆ ದೂರು. ದುಡಿಯುವ ಕೈ ಅದೇ, ಮುಖ ಅದೇ. ಬದಲಾದದ್ದು ಹೆಸರಿನ ಮುಂದಿನ ಒಂದಕ್ಷರ ಮಾತ್ರ.

ಒಂದು ಉದಾಹರಣೆ ನೋಡೋಣ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಬ್ಬಳ ಹೆಸರು ‘ಮಂಜುಳ ಕೆ.’ ಎಂದಿರಲಿ. ‘ಕೆ’ ಎಂದರೆ ತಂದೆ ಕೃಷ್ಣಪ್ಪ. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲವಾದ್ದರಿಂದ ಅಲ್ಲಿ ‘ಮಂಜುಳ ಕೃಷ್ಣಪ್ಪ’ ಆಯಿತು. ಮೊದಲ ಕೆಲಸದ ಪಿ.ಎಫ್. ಖಾತೆಯಲ್ಲಿ ‘ಮಂಜುಳ ಕೆ.’ ಎಂದೇ ಉಳಿಯಿತು. ಮದುವೆಯಾದ ಮೇಲೆ ಯಾರೋ ಹೇಳಿದರೆಂದು ಆಧಾರ್‌ನಲ್ಲಿ ‘ಮಂಜುಳ ರಮೇಶ್’ ಎಂದು ಬರೆಸಿದಳು. ಹೀಗೆ ಒಬ್ಬಳೇ ಹೆಂಗಸು ಕಾಗದದ ಮೇಲೆ ಮೂವರಾದಳು.

ಇದರ ಪೆಟ್ಟು ಬೀಳುವುದು ಸಂಬಳದ ಮೇಲೆಯೇ. 2021ರ ಸೆಪ್ಟೆಂಬರಿನಿಂದ, ಆಧಾರ್‌ಗೆ ಜೋಡಣೆಯಾಗದ ಯು.ಎ.ಎನ್. ಸಂಖ್ಯೆಗೆ ಮಾಲೀಕನು ಪಿ.ಎಫ್. ಹಣ ಕಟ್ಟಲಾಗುವುದಿಲ್ಲ. ಎರಡರ ಹೆಸರು ಹೊಂದದಿದ್ದರೆ ಜೋಡಣೆಯೇ ಆಗುವುದಿಲ್ಲ. ಹಳೆಯ ಕೆಲಸದ ವಿಚಾರಣೆಯೂ ಹಾಗೆಯೇ: ಹೊಸ ಹೆಸರು ಹಿಡಿದು ಹಳೆಯ ಫ್ಯಾಕ್ಟರಿಯನ್ನು ಕೇಳಿದರೆ ‘ಅಂಥವರು ಇಲ್ಲಿ ಇರಲಿಲ್ಲ’ ಎಂಬ ಉತ್ತರ ಬರುತ್ತದೆ. ಅದರಿಂದ ದುಡಿದವಳೇ ಸುಳ್ಳುಗಾತಿಯಾಗುತ್ತಾಳೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯ ಮಾತು: ಮದುವೆಯಾದಳೆಂದು ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಪ್ಯಾನ್ ಅರ್ಜಿಯಲ್ಲಿ ಮದುವೆಯಾದವಳೂ ತಂದೆಯ ಹೆಸರನ್ನೇ ಕೊಡುತ್ತಾಳೆ. ಇನ್ನೂ ಏನನ್ನೂ ಬದಲಿಸದವರು ಅಂಕಪಟ್ಟಿಯ ಹೆಸರನ್ನೇ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪಿತು.

ಬದಲಿಸಿಕೊಂಡವರು, ಅಥವಾ ಬದಲಿಸಲು ಇಷ್ಟಪಡುವವರು, ಅಂಕಪಟ್ಟಿಯನ್ನು ತಿದ್ದಿಸಲು ಅಲೆಯಬೇಕಾಗಿಲ್ಲ. ಪರೀಕ್ಷೆಗೆ ಕುಳಿತ ದಿನ ಯಾವ ಹೆಸರಿತ್ತೋ ಅದು ಅಲ್ಲಿರುತ್ತದೆ, ಅದು ತಪ್ಪಲ್ಲ. ಹಳೆಯ ಹೆಸರಿಗೂ ಹೊಸದಕ್ಕೂ ನಡುವೆ ಸೇತುವೆಯಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ನೋಂದಣಿ ಪತ್ರ. ನೋಂದಣಿಯ ದಿನವೇ ಎಚ್ಚರವಿರಲಿ: ವಧುವಿನ ಹೆಸರು ಅಂಕಪಟ್ಟಿಯಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಇರಬೇಕು. ಅಲ್ಲಿ ‘ಮಂಜುಳಮ್ಮ’ ಎಂದು ಬರೆದುಬಿಟ್ಟರೆ ಸೇತುವೆಯ ಒಂದು ತುದಿ ಗಾಳಿಯಲ್ಲಿ ನಿಲ್ಲುತ್ತದೆ. ಸಹಿ ಹಾಕುವ ಮೊದಲೇ ಓದಿ ನೋಡಬೇಕು.

ಆಮೇಲೆ ಒಂದು ಕ್ರಮ ಹಿಡಿಯಬೇಕು. ಮೊದಲು ಆಧಾರ್. ಮದುವೆ ಪತ್ರ, ಹಳೆಯ ಗುರುತಿನ ಚೀಟಿ ಎರಡನ್ನೂ ಒಯ್ಯಿರಿ. ಜೀವಮಾನದಲ್ಲಿ ಹೆಸರು ಬದಲಾವಣೆಗೆ ಎರಡೇ ಅವಕಾಶ. ಆದ್ದರಿಂದ ಯಂತ್ರದ ಮುಂದೆ ಕುಳಿತವನು ಟೈಪು ಮಾಡಿದ್ದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಓದಿದ ಮೇಲೆಯೇ ಒಪ್ಪಿಗೆ ಕೊಡಿ. 2025ರ ಅಕ್ಟೋಬರ್ 1ರಿಂದ ಇದರ ಶುಲ್ಕ 75 ರೂಪಾಯಿ. ಎರಡನೆಯದು ಪ್ಯಾನ್, ಆಧಾರ್‌ನಲ್ಲಿರುವ ಹೆಸರಿನಂತೆಯೇ. ಅಂಗಡಿ ಹೆಂಡತಿಯ ಹೆಸರಿನಲ್ಲಿರುವ ವರ್ತಕ ಬಂಧುಗಳೂ ಇದನ್ನು ಗಮನಿಸಲಿ, ಜಿ.ಎಸ್.ಟಿ. ನೋಂದಣಿಯಲ್ಲಿರುವುದು ಪ್ಯಾನ್‌ನ ಹೆಸರೇ. ಮೂರನೆಯದು ಬ್ಯಾಂಕಿನ ಪಾಸ್ ಪುಸ್ತಕ. ಕೊನೆಗೆ ಪಿ.ಎಫ್.

ಪಿ.ಎಫ್. ವಿಷಯದಲ್ಲಿ 2025ರ ಜನವರಿಯಲ್ಲಿ ಒಂದು ಅನುಕೂಲವಾಯಿತು. ಯು.ಎ.ಎನ್. 2017ರ ಅಕ್ಟೋಬರ್ 1ರ ನಂತರದ್ದಾಗಿದ್ದು ಆಗಲೇ ಆಧಾರ್‌ನಿಂದ ದೃಢಪಟ್ಟಿದ್ದರೆ, ಹೆಸರಿನ ತಿದ್ದುಪಡಿಯನ್ನು ಮಾಲೀಕನ ಒಪ್ಪಿಗೆಯಿಲ್ಲದೆ ಸದಸ್ಯೆಯೇ ಆನ್‌ಲೈನಿನಲ್ಲಿ ಮಾಡಿಕೊಳ್ಳಬಹುದು. ಅದಕ್ಕಿಂತ ಹಳೆಯದಕ್ಕೆ ಮಾಲೀಕನ ಮೊಹರು ಬೇಕು. ಆದುದರಿಂದ ಕೆಲಸ ಬಿಡುವ ಮೊದಲೇ ತಿದ್ದಿಸಿಕೊಳ್ಳುವುದು ಜಾಣತನ. ಬಿಟ್ಟ ಮೇಲೆ ಆ ಗೇಟಿನೊಳಗೆ ಯಾರು ಬಿಡುತ್ತಾರೆ?

ಬಯೊಡೇಟಾದಲ್ಲಿ ಮೇಲೆ ಆಧಾರ್‌ನ ಹೆಸರು ಬರೆದು, ಅದರ ಕೆಳಗೆ ‘ವಿವಾಹಪೂರ್ವ ಹೆಸರು: ಮಂಜುಳ ಕೆ., ಅಂಕಪಟ್ಟಿ ಮತ್ತು ಹಿಂದಿನ ಕೆಲಸದ ಪತ್ರಗಳಲ್ಲಿ ಇದೇ ಇದೆ’ ಎಂದು ಒಂದು ಸಾಲು ಸೇರಿಸಿರಿ. ಜೊತೆಗೆ ಮದುವೆ ಪತ್ರದ ನಕಲು ಇಡಿ. ಅವರು ಪತ್ತೆ ಹಚ್ಚುವ ಮೊದಲು ನಾವೇ ಹೇಳಿದರೆ ಅದು ವ್ಯತ್ಯಾಸವಾಗದು, ವಿವರಣೆಯಾಗುತ್ತದೆ. ‘ಕೆ’ ಎಂದರೆ ಕೃಷ್ಣಪ್ಪ ಎಂಬುದು ಮದುವೆ ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ, ಎರಡೂ ಹೆಸರು ಒಬ್ಬಳದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಬಹುದು. ಅದು ಮದುವೆ ಪತ್ರಕ್ಕೆ ಜೊತೆಯಷ್ಟೆ, ಬದಲಿಯಲ್ಲ.

ಇಷ್ಟಾದ ಮೇಲೂ ‘ಅಂಕಪಟ್ಟಿಯಲ್ಲಿ ಗಂಡನ ಹೆಸರು ತನ್ನಿ’ ಎನ್ನುವ ಆಫೀಸುಗಳಿವೆ. ಅಂಥವರಿಗೆ ನಮ್ಮ ಉತ್ತರ ಒಂದೇ: ಯಾವ ನಿಯಮದಲ್ಲಿ ಹಾಗಿದೆಯೆಂದು ಬರೆದು ಕೊಡಿ. ಒಬ್ಬಳೇ ಹೋಗಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಯೂನಿಯನ್ನಿನ ನಾಲ್ಕು ಜನ ಜೊತೆಗೆ ಹೋಗಿ ಕೇಳಲಿ.