ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಉಂಟು

ಗಲ್ಫ್‌ನಲ್ಲಿರುವವರು ಊರಿನ ಮನೆಯವರಿಗಾಗಿ ಆರೋಗ್ಯ ವಿಮೆ ಮಾಡಿಸುವುದು ಈಗ ಸಾಮಾನ್ಯ. ಮಾಡಿಸುವ ರೀತಿಯೂ ಹೆಚ್ಚಿನ ಮನೆಗಳಲ್ಲಿ ಒಂದೇ. ಪರಿಚಯದ ಏಜೆಂಟ್ ವಾಟ್ಸಾಪ್‌ನಲ್ಲಿ ಒಂದು ಮೊತ್ತ ಕಳಿಸುತ್ತಾರೆ, ಅಲ್ಲಿಂದ ಹಣ ಬರುತ್ತದೆ, ಮೊಬೈಲಿಗೆ ಬಂದ ಒಟಿಪಿಯನ್ನು ಹೇಳಿಬಿಡುತ್ತೇವೆ. ಒಂದು ವಾರದಲ್ಲಿ ನಲ್ವತ್ತೈವತ್ತು ಪುಟದ ಪಿಡಿಎಫ್ ಬರುತ್ತದೆ. ಅದನ್ನು ತೆರೆದು ನೋಡುವವರು ಎಷ್ಟು ಮಂದಿ? ಆಸ್ಪತ್ರೆಗೆ ಸೇರುವ ದಿನ ಬಂದಾಗಲೇ ಹುಡುಕಾಟ ಶುರು. ಆ ಹೊತ್ತಿಗೆ, ನಾವು ಕೇಳದೆಯೇ ಪ್ರೀಮಿಯಂಗೆ ಸೇರಿಕೊಂಡ ವಸ್ತುಗಳನ್ನು ಸುಲಭವಾಗಿ ತೆಗೆಸಿ ಹಾಕುವ ಅವಧಿ ಮುಗಿದಿರುತ್ತದೆ.

ಈ ಅವಧಿಗೆ ‘ಫ್ರೀ ಲುಕ್’ ಎನ್ನುತ್ತಾರೆ. ಹೊಸದಾಗಿ ತೆಗೆದುಕೊಂಡ ಆರೋಗ್ಯ ವಿಮೆ ಅಥವಾ ಜೀವ ವಿಮೆಯ ದಾಖಲೆ ನಮ್ಮ ಕೈಗೆ ಬಂದ ದಿನದಿಂದ 30 ದಿನ. ಮೊದಲು ಹೆಚ್ಚಿನ ಪಾಲಿಸಿಗಳಿಗೆ 15 ದಿನ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮ ಅದನ್ನು 30ಕ್ಕೆ ಏರಿಸಿತು. ಕಾಗದ ನೋಡಿ ಇಷ್ಟವಾಗದಿದ್ದರೆ, ಅಷ್ಟರೊಳಗೆ ಯಾವ ಕ್ಲೇಮನ್ನೂ ಮಾಡಿರದಿದ್ದರೆ, ಪಾಲಿಸಿ ವಾಪಸು ಕೊಡಬಹುದು.

ಕೇಳದೆ ಸೇರುವ ವಸ್ತುಗಳೆಂದರೆ ಏನು? ಮೂಲ ಪಾಲಿಸಿ ಆಸ್ಪತ್ರೆಯ ಬಿಲ್ಲು ಕೊಡುತ್ತದೆ. ಅದರ ಮೇಲೆ ಬೇಕಾದರೆ ಮಾತ್ರ ಕೊಳ್ಳಬಹುದಾದ ಹೆಚ್ಚುವರಿ ರಕ್ಷಣೆಗಳಿವೆ. ಇವನ್ನೇ ಆ್ಯಡ್‌ಆನ್ ಅಥವಾ ರೈಡರ್ ಎನ್ನುವುದು. ಪ್ರತಿಯೊಂದಕ್ಕೂ ಬೇರೆ ಬೆಲೆ. ವಾಟ್ಸಾಪ್‌ನಲ್ಲಿ ಬರುವುದು ಒಟ್ಟು ಮೊತ್ತ ಮಾತ್ರ. ‘ಅದೆಲ್ಲ ಸೇರಿಸಿಯೇ ಬರುವುದು’ ಎಂದು ಹೇಳಿದರೆ ನಾವು ಸುಮ್ಮನಾಗುತ್ತೇವೆ. ಎಲ್ಲ ಏಜೆಂಟರೂ ಹೀಗೆ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಆದರೆ ಪ್ರೀಮಿಯಂ ಏರಿದಂತೆ ಕಮಿಷನ್ ಕೂಡ ಏರುತ್ತದೆ ಎನ್ನುವುದು ಗೊತ್ತಿದ್ದರೆ ಒಳ್ಳೆಯದು.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ದುಬೈಯಲ್ಲಿ ಕೆಲಸದಲ್ಲಿರುವ ಒಬ್ಬರು, ಊರಿನಲ್ಲಿರುವ ಹೆಂಡತಿ, ಇಬ್ಬರು ಮಕ್ಕಳು. ನಾಲ್ವರಿಗೂ ಸೇರಿ 10 ಲಕ್ಷದ ಫ್ಯಾಮಿಲಿ ಫ್ಲೋಟರ್. ಏಜೆಂಟ್ ಹೇಳಿದ್ದು 25,980 ರೂಪಾಯಿ. ಪಾಲಿಸಿಯ ಶೆಡ್ಯೂಲ್ ತೆರೆದರೆ ಮೂಲ ಪ್ರೀಮಿಯಂ 17,400 ಮಾತ್ರ. ಅದರ ಕೆಳಗೆ ಆಸ್ಪತ್ರೆ ದಿನಭತ್ಯೆಗೆ 2,350, ಅಪಘಾತ ವಿಮೆಗೆ 1,980, ಗಂಭೀರ ಕಾಯಿಲೆಯ ರೈಡರ್‌ಗೆ 3,100, ಕನ್ಸ್ಯೂಮೆಬಲ್ಸ್ ಎಂಬುದಕ್ಕೆ 1,150. ಒಟ್ಟು 8,580 ರೂಪಾಯಿ, ಅಂದರೆ ಕೊಟ್ಟ ಹಣದ ಮೂರರಲ್ಲಿ ಒಂದು ಪಾಲು, ಯಾರೂ ಕೇಳದ ವಸ್ತುಗಳಿಗೆ.

ಹಾಗೆಂದು ನಾಲ್ಕನ್ನೂ ಕಿತ್ತು ಹಾಕಬೇಕೆಂದಲ್ಲ. ಒಂದೊಂದಾಗಿ ನೋಡಬೇಕು.

ಕನ್ಸ್ಯೂಮೆಬಲ್ಸ್ ಇರಲಿ ಎಂಬುದು ನಮ್ಮ ಅಭಿಪ್ರಾಯ. ಕೈಗವಸು, ಮಾಸ್ಕ್ ಮುಂತಾದ ಸಣ್ಣಪುಟ್ಟ ಸಾಮಾನುಗಳ ಹಣವನ್ನು ಮೂಲ ಪಾಲಿಸಿ ಸಾಮಾನ್ಯವಾಗಿ ಕೊಡುವುದಿಲ್ಲ. ದೊಡ್ಡ ಆಪರೇಷನ್ ಆದರೆ ಡಿಸ್ಚಾರ್ಜ್ ದಿನ ಕೈಯಿಂದ ಕಟ್ಟಬೇಕಾದ ಮೊತ್ತದಲ್ಲಿ ಇವುಗಳ ಪಾಲು ಕಡಿಮೆಯೇನಲ್ಲ.

ದಿನಭತ್ಯೆ ಎಂದರೆ ಆಸ್ಪತ್ರೆಯಲ್ಲಿ ಮಲಗಿದ ಪ್ರತಿ ದಿನಕ್ಕೆ ಒಂದು ನಿಗದಿತ ಹಣ. ದಿನಕ್ಕೆ 1,000 ಎಂದು ಇಟ್ಟುಕೊಳ್ಳಿ. 2,350 ರೂಪಾಯಿ ವಾಪಸು ಬರಬೇಕಾದರೆ ಮನೆಯವರು ವರ್ಷಕ್ಕೆ ಮೂರು ದಿನ ಆಸ್ಪತ್ರೆಯಲ್ಲಿರಬೇಕು, ಅದೂ ಪ್ರತಿ ವರ್ಷ. ಕೆಲವು ಕಂಪನಿಗಳು ಮೊದಲ ದಿನವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಇದು ಬೇಡ.

ಅಪಘಾತ ವಿಮೆ ಬೇಕಾದದ್ದೇ. ಆದರೆ ಈಗಾಗಲೇ ಇದೆಯೋ ಎಂದು ಮೊದಲು ನೋಡಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಉಂಟು. ಪಾಸ್‌ಬುಕ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ರಕ್ಷಣೆ 10 ಲಕ್ಷ. ಅವಧಿ ಮುಗಿದಿದ್ದರೆ ನವೀಕರಿಸುವುದು ಈ 1,980ಕ್ಕಿಂತ ಎಷ್ಟೋ ಅಗ್ಗ.

ಗಂಭೀರ ಕಾಯಿಲೆಯ ರೈಡರ್ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು. ಕ್ಯಾನ್ಸರ್, ಹೃದಯಾಘಾತ ಮುಂತಾದ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಒಂದೇ ಗಂಟಿನಲ್ಲಿ ಹಣ ಕೊಡುತ್ತದೆ. ದುಡಿಯುವವರ ಸಂಬಳ ನಿಂತುಹೋದಾಗ ಅದು ನಿಜವಾಗಿ ಆಧಾರ. ಹಾಗಾಗಿ ಅದು ಯಾರ ಹೆಸರಿನಲ್ಲಿದೆ ಎಂದು ನೋಡಿ. ದುಡಿಯುವವರ ಹೆಸರಿನಲ್ಲಿ ಇಲ್ಲದಿದ್ದರೆ ಅದರ ಮುಖ್ಯ ಉಪಯೋಗವೇ ಹೋಯಿತು. ಹೆಚ್ಚಿನ ಇಂಥ ರೈಡರ್‌ಗಳಲ್ಲಿ ಮೊದಲ 90 ದಿನ ಏನೂ ಸಿಗುವುದಿಲ್ಲ, ಕಾಯಿಲೆ ಪತ್ತೆಯಾದ ಮೇಲೆ ಇಂತಿಷ್ಟು ದಿನ ಬದುಕಿರಬೇಕೆಂಬ ಷರತ್ತೂ ಇರುತ್ತದೆ.

ಇದನ್ನೆಲ್ಲ ಕಂಡುಹಿಡಿಯಲು ನಲ್ವತ್ತು ಪುಟವನ್ನೂ ಓದಬೇಕಾಗಿಲ್ಲ. ಶೆಡ್ಯೂಲ್ ಎಂಬ ಮೊದಲ ಒಂದೆರಡು ಪುಟ ಸಾಕು. ಪ್ರೀಮಿಯಂ ಪಟ್ಟಿಯಲ್ಲಿ Optional Cover, Add-on, Rider ಎಂಬ ಮಾತುಗಳನ್ನು ಹುಡುಕಿ. ಕೆಲವು ಕಡೆ ಬೆಲೆ ಬಿಡಿಸಿ ಬರೆದಿರುವುದಿಲ್ಲ. ಆಗ UIN ಎಂಬ ಅಕ್ಷರಗಳ ಮುಂದಿರುವ ಉದ್ದ ಸಂಖ್ಯೆಗಳನ್ನು ಎಣಿಸಿ. ಪ್ರಾಧಿಕಾರ ಪ್ರತಿ ಪಾಲಿಸಿಗೂ ಒಂದು ಸಂಖ್ಯೆ ಕೊಡುತ್ತದೆ, ಬೇರೆಯಾಗಿ ಮಾರುವ ಆ್ಯಡ್‌ಆನ್‌ಗೂ ಬೇರೆ ಸಂಖ್ಯೆ. ಒಂದಕ್ಕಿಂತ ಹೆಚ್ಚು ಕಂಡರೆ ನೀವು ಒಂದಕ್ಕಿಂತ ಹೆಚ್ಚು ವಸ್ತು ಕೊಂಡಿದ್ದೀರಿ. ಜೊತೆಗೆ ಬರುವ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಎಂಬ ಸಾರಾಂಶವನ್ನು ಕನ್ನಡದಲ್ಲಿ ಕೊಡಿ ಎಂದೂ ಕೇಳಬಹುದು. ಇನ್ನೊಂದು ಗುರುತು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಆ ಬಳಿಕದ ರಸೀದಿಯಲ್ಲಿ 18 ಶೇಕಡಾ ಕಂಡರೆ, ನಿಮ್ಮ ಹೆಸರಿಗೆ ಯಾವುದೋ ಗ್ರೂಪ್ ಪಾಲಿಸಿಯೋ ಬೇರೆ ಸೇವೆಯೋ ಅಂಟಿಕೊಂಡಿದೆಯೇ ಎಂದು ವಿಚಾರಿಸಿ.

ಪ್ರಪೋಸಲ್ ಫಾರ್ಮಿನ ಪ್ರತಿಯನ್ನೂ ಬಿಡಬೇಡಿ. ಟಿಕ್ ಹಾಕಿದವರು ಯಾರೇ ಇರಲಿ, ಒಟಿಪಿ ಹೇಳಿದ ಮೇಲೆ ಅದು ನಿಮ್ಮ ಸಹಿಯೇ. ಅದರಲ್ಲಿ ಮೊಬೈಲ್ ನಂಬರ್ ಮತ್ತು ಇಮೇಲ್ ಯಾರದ್ದೆಂದು ನೋಡಿ. ನಮ್ಮ ಮನೆಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಗಲ್ಫ್‌ನಲ್ಲಿರುವವರ ಊರಿನ ಸಿಮ್ ಬಂದ್ ಆಗಿರುತ್ತದೆ, ಹಾಗಾಗಿ ಏಜೆಂಟ್ ತಮ್ಮ ಇಮೇಲನ್ನೇ ಹಾಕಿಬಿಡುತ್ತಾರೆ. ಪಾಲಿಸಿ ಆ ವಿಳಾಸಕ್ಕೆ ಹೋದ ದಿನದಿಂದಲೇ ಕಂಪನಿ 30 ದಿನ ಎಣಿಸತೊಡಗುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಹಣ ಕಟ್ಟುವ ಮೊದಲೇ ನಿಮ್ಮದೇ ನಂಬರ್, ನಿಮ್ಮದೇ ಇಮೇಲ್ ಹಾಕಿಸಿ. ಪಿಡಿಎಫ್ ಬಂದ ದಿನಾಂಕದ ಸ್ಕ್ರೀನ್‌ಶಾಟ್ ತೆಗೆದಿಡಿ. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನು ಎಸೆಯಬೇಡಿ.

ಬೇಡದ್ದು ಕಂಡಿತು, ಮುಂದೇನು? ಇಲ್ಲೊಂದು ಸೂಕ್ಷ್ಮ ಉಂಟು. ನಿಯಮ ಕೊಡುವ ಹಕ್ಕು ಇಡೀ ಪಾಲಿಸಿಯನ್ನು ವಾಪಸು ಕೊಡುವುದು. ಒಂದು ರೈಡರನ್ನು ಮಾತ್ರ ತೆಗೆಯುವುದು ಕಂಪನಿಯ ಒಪ್ಪಿಗೆಗೆ ಬಿಟ್ಟದ್ದು. ಪೂರ್ತಿ ರದ್ದಾಗುವುದಕ್ಕಿಂತ ಇದೇ ಮೇಲೆಂದು ಒಪ್ಪುವ ಕಂಪನಿಗಳಿವೆ. ಆದ್ದರಿಂದ ಎರಡನ್ನೂ ಒಂದೇ ಪತ್ರದಲ್ಲಿ ಬರೆಯಿರಿ. ‘ಪಾಲಿಸಿ ಸಂಖ್ಯೆ ಇಂತಿಷ್ಟು, ಇಂಥ ದಿನ ನನಗೆ ತಲುಪಿತು. ದಿನಭತ್ಯೆ ಮತ್ತು ಅಪಘಾತ ರೈಡರ್ ನಾನು ಕೇಳಿದ್ದಲ್ಲ, ಇವೆರಡನ್ನು ತೆಗೆದು ತಿದ್ದಿದ ಶೆಡ್ಯೂಲ್ ಕಳಿಸಿ, ಹಣ ವಾಪಸು ಮಾಡಿ. ಸಾಧ್ಯವಿಲ್ಲದಿದ್ದರೆ ಇಂಥ ದಿನದೊಳಗೆ ತಿಳಿಸಿ, ಫ್ರೀ ಲುಕ್‌ನಲ್ಲಿ ಇಡೀ ಪಾಲಿಸಿ ರದ್ದು ಮಾಡಲು ಕೋರುತ್ತೇನೆ.’ ಆ ದಿನ 30ನೇ ದಿನಕ್ಕಿಂತ ಸಾಕಷ್ಟು ಮುಂಚಿನದ್ದಾಗಿರಲಿ.

ಈ ಪತ್ರ ಕಂಪನಿಯ ಗ್ರಾಹಕ ಸೇವೆಯ ಇಮೇಲಿಗೆ ಹೋಗಬೇಕು, ಏಜೆಂಟರ ವಾಟ್ಸಾಪಿಗಲ್ಲ. ‘ನಾನೇ ಸರಿಮಾಡಿಸ್ತೇನೆ, ನೀವು ಆರಾಮಿರಿ’ ಎಂದು ಹೇಳಿ ಕಾಗದ ತೆಗೆದುಕೊಂಡು ಹೋದವರು ವಾಪಸು ಬರುವಾಗ 30 ದಿನ ಕಳೆದಿರಬಹುದು. ಪ್ರಪೋಸರ್ ಯಾರೋ ಅವರೇ ಕಳಿಸಬೇಕು. ಗಂಡನ ಹೆಸರಿನಲ್ಲಿದ್ದರೆ ಅವರೇ ದುಬೈಯಿಂದ ತಮ್ಮ ಇಮೇಲಿನಲ್ಲಿ ಕಳಿಸಲಿ, ಮನೆಯಿಂದ ಹೆಂಡತಿ ಬರೆದರೆ ಕಂಪನಿ ಪಕ್ಕಕ್ಕಿಡುತ್ತದೆ. ಬ್ಯಾಂಕ್ ವಿವರಕ್ಕೆ ರದ್ದಾದ ಚೆಕ್ಕಿನ ಫೋಟೋ ಜೊತೆಗಿರಲಿ. ಸರ್ವಿಸ್ ರಿಕ್ವೆಸ್ಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಪೂರ್ತಿ ರದ್ದಾದರೆ ಎಷ್ಟು ಹಣ ಬರುತ್ತದೆ? ರಕ್ಷಣೆ ಇದ್ದ ದಿನಗಳ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ, ಇಷ್ಟನ್ನು ಕಡಿದುಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ 20 ದಿನವಾಗಿದ್ದರೆ 25,980ರಲ್ಲಿ ಸುಮಾರು 1,424 ರೂಪಾಯಿ ಮತ್ತು ಸ್ವಲ್ಪ ಸ್ಟಾಂಪ್ ಹಣ ಹೋಗುತ್ತದೆ. ಕೋರಿಕೆ ತಲುಪಿದ 7 ದಿನದೊಳಗೆ ಉಳಿದದ್ದು ಬರಬೇಕು.

ಆದರೆ ಬೇರೆ ಪಾಲಿಸಿ ಕೈಗೆ ಬರುವ ಮೊದಲು ಇದನ್ನು ರದ್ದು ಮಾಡಬೇಡಿ, ವಿಶೇಷವಾಗಿ ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ. ಹೊಸ ಕಂಪನಿ ಒಪ್ಪದೆಯೂ ಇರಬಹುದು. ಒಪ್ಪಿದರೂ ಹಳೆಯ ಕಾಯಿಲೆಗಳ ಕಾಯುವ ಅವಧಿ, ಅಂದರೆ ಮೂರು ವರ್ಷದವರೆಗೂ ಇರಬಹುದಾದದ್ದು, ಹೊಸದಾಗಿ ಶುರುವಾಗುತ್ತದೆ. 20 ದಿನದ ನಷ್ಟ ದೊಡ್ಡದಲ್ಲ. ಮಧ್ಯೆ ವಿಮೆಯೇ ಇಲ್ಲದೆ ಉಳಿದರೆ ಅದು ದೊಡ್ಡದು.

ಫ್ರೀ ಲುಕ್ ಹೊಸ ಪಾಲಿಸಿಗೆ ಮಾತ್ರ, ನವೀಕರಣಕ್ಕಿಲ್ಲ. ಬೇರೆ ಕಂಪನಿಗೆ ಪೋರ್ಟ್ ಮಾಡಿದಾಗಲೂ ಪಾಲಿಸಿಗಳು ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಹಾಗಾಗಿ ನವೀಕರಣದ ನೋಟಿಸ್ ಬಂದಾಗ ಹಣ ಕಟ್ಟುವ ಮೊದಲೇ ಹೋದ ವರ್ಷದ ಶೆಡ್ಯೂಲ್ ಪಕ್ಕಕ್ಕಿಟ್ಟು ಸಾಲು ಸಾಲು ಹೋಲಿಸಿ. ಬೇಡದ ರೈಡರನ್ನು ಬಿಡಿಸಲು ಅದೂ ಒಳ್ಳೆಯ ಸಮಯ. ಕಾರು, ಬೈಕಿನ ವಿಮೆಗೂ ಫ್ರೀ ಲುಕ್ ಇಲ್ಲ. ಶೋರೂಮಿನಲ್ಲಿ ಕೊಡುವ ಪಟ್ಟಿಯನ್ನು ಅಲ್ಲೇ ನಿಂತು ನೋಡಬೇಕು.

30 ದಿನ ಕಳೆದೇ ಹೋಗಿದ್ದರೆ? ಒಂದು ವರ್ಷದ ಆರೋಗ್ಯ ವಿಮೆಯಾದರೆ 7 ದಿನದ ಲಿಖಿತ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ರದ್ದು ಮಾಡಬಹುದು, ಕ್ಲೇಮ್ ಆಗಿರದಿದ್ದರೆ ಉಳಿದ ದಿನಗಳ ಹಣ ವಾಪಸು. ಜೀವ ವಿಮೆಯಲ್ಲಿ ಆ ಸೌಲಭ್ಯ ಇಲ್ಲ. ಮೊದಲ ವರ್ಷದಲ್ಲಿ ಬಿಟ್ಟರೆ ಕಟ್ಟಿದ ಹಣದ ಬಹುಪಾಲು ಹೋಗಬಹುದು, ಅದಕ್ಕೇ ಅಲ್ಲಿ ಈ 30 ದಿನ ಇನ್ನೂ ಮುಖ್ಯ.

ಕಾಲದೊಳಗೆ ಕೇಳಿದರೂ ಕಂಪನಿ ಸತಾಯಿಸಿದರೆ ಮೊದಲು ಅವರದೇ ದೂರು ಅಧಿಕಾರಿಗೆ ಬರೆಯಿರಿ. ಆಮೇಲೆ ಪ್ರಾಧಿಕಾರದ ಬಿಮಾ ಭರೋಸಾ, bimabharosa.irdai.gov.in ವಿಳಾಸದಲ್ಲಿ, ಅಥವಾ 155255ಕ್ಕೆ ಫೋನ್. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ಕರ್ನಾಟಕಕ್ಕಾಗಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಇಮೇಲಿನ ಪ್ರತಿ ಮತ್ತು ಆ ಸ್ಕ್ರೀನ್‌ಶಾಟ್ ಜೊತೆಗಿರಲಿ.